ಮ್ಯಾನೇಜರನ್ನು ದಾಟಿ ಡೈರೆಕ್ಟರ್‌ಗೆ ಮೇಲ್ ಬರೆದದ್ದು

ಹಳೆಯ ಬಿಲ್ಲಿಂಗ್ ಡೇಟಾವನ್ನು ಹೊಸ ಸಿಸ್ಟಮ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. 28ನೇ ತಾರೀಖು, ಶನಿವಾರ ಗೋ-ಲೈವ್. ಟೆಸ್ಟಿಂಗ್ ಮಾಡುವ ಇಬ್ಬರಿಗೆ ಡೇಟಾಬೇಸ್ ಆಕ್ಸೆಸ್ ಬೇಕು, ಅದಕ್ಕೆ ನನ್ನ ಮ್ಯಾನೇಜರ್ ಅಪ್ರೂವಲ್ ಕೊಡಬೇಕು. 3ನೇ ತಾರೀಖು ಕೇಳಿದ್ದು 12 ಆದರೂ ಬಂದಿರಲಿಲ್ಲ. ಅವರ ಮೇಲಿರುವ ಡೈರೆಕ್ಟರ್ ಮೇಡಂಗೆ ಬರೆಯಬೇಕಾಯಿತು.

ಬರೆಯುವ ಮೊದಲು ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ: "ಸರ್, ಸೋಮವಾರದೊಳಗೆ ಆಕ್ಸೆಸ್ ಸಿಗದಿದ್ದರೆ ತಾರೀಖು ಕೈತಪ್ಪುತ್ತೆ. ಇವತ್ತು ಮಧ್ಯಾಹ್ನ ಮೇಡಂಗೆ ಬರೀತೀನಿ, ನಿಮ್ಮನ್ನ ಸಿಸಿಯಲ್ಲಿ ಇಡ್ತೀನಿ." ಅವರಿಗೆ ಖುಷಿಯೇನೂ ಆಗಲಿಲ್ಲ. ಆದರೆ ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ. ಹೇಳದೆ ಕಳಿಸಿದರೆ ಮೇಲ್‌ನಲ್ಲಿ ಏನೇ ಇರಲಿ, ಅದು ಚಾಡಿಯಾಗಿಯೇ ಕಾಣುತ್ತದೆ.

ಡ್ರಾಫ್ಟನ್ನು 'ಟು' ಜಾಗ ಖಾಲಿ ಬಿಟ್ಟೇ ಬರೆದೆ, ಕೈತಪ್ಪಿ ಹೋಗಬಾರದಲ್ವಾ. ಮೊದಲು ಬಂದ ವಾಕ್ಯ ಹೀಗಿತ್ತು: "ಹಲವು ಬಾರಿ ಕೇಳಿದರೂ ಸರ್ ಇನ್ನೂ ಗಮನ ಕೊಟ್ಟಿಲ್ಲ." ಇದರಲ್ಲಿ ಬೈಗುಳ ಒಂದೂ ಇಲ್ಲ, ಆದರೂ ಚುಚ್ಚುತ್ತದೆ. 'ಹಲವು ಬಾರಿ' ಅಂದರೆ ಎಷ್ಟು ಅಂತ ಗೊತ್ತಾಗುವುದಿಲ್ಲ, ನನ್ನ ಸಿಟ್ಟು ಮಾತ್ರ ಗೊತ್ತಾಗುತ್ತದೆ. 'ಗಮನ ಕೊಟ್ಟಿಲ್ಲ' ಅನ್ನುವುದು ಅವರ ಮನಸ್ಸಿನ ಬಗ್ಗೆ ನಾನು ಮಾಡಿದ ಊಹೆ. 'ಇನ್ನೂ' ಕೂಡ ಗೊಣಗಾಟವೇ. ಇದನ್ನೆಲ್ಲ ತೆಗೆದು ಆ ಜಾಗದಲ್ಲಿ ತಾರೀಖು ಹಾಕಿದೆ.

ಹಾಗಂತ ಮ್ಯಾನೇಜರ್ ಹೆಸರೇ ಬರದ ಹಾಗೆ "ಅಪ್ರೂವಲ್ ಬಾಕಿ ಇದೆ" ಅಂತಷ್ಟೇ ಬರೆದರೂ ಆಗುವುದಿಲ್ಲ. ಯಾರ ಹತ್ತಿರ ಬಾಕಿ ಅಂತ ಮೇಡಂ ಮತ್ತೆ ಕೇಳಬೇಕಾಗುತ್ತದೆ. ಒಂದೇ ಸಲ ಹೇಳಬೇಕು, ಅವರು ಕೊಟ್ಟ ಕಾರಣದ ಜೊತೆಗೇ ಹೇಳಬೇಕು. 9ನೇ ತಾರೀಖಿನ ಮೀಟಿಂಗ್‌ನಲ್ಲಿ ಅವರು ಕಾರಣ ಹೇಳಿದ್ದರು. ಅದನ್ನು ಬಿಟ್ಟಿದ್ದರೆ ನನ್ನ ಮೇಲ್ ಅರ್ಧ ಸತ್ಯವಾಗುತ್ತಿತ್ತು.

ಸಬ್ಜೆಕ್ಟ್‌ನಲ್ಲಿ 'ಎಸ್ಕಲೇಶನ್' ಅನ್ನುವ ಪದ ಹಾಕಲಿಲ್ಲ. ಆ ಪದ ಕಂಡ ಕೂಡಲೇ ಓದುವವರು ತಪ್ಪು ಯಾರದು ಅಂತ ಹುಡುಕಲು ಶುರು ಮಾಡುತ್ತಾರೆ. ಕಳಿಸಿದ್ದು ಇಷ್ಟು:

"ವಿಷಯ: ಟೆಸ್ಟಿಂಗ್ ಆಕ್ಸೆಸ್ – 16ರೊಳಗೆ ನಿರ್ಧಾರ ಬೇಕು

ಮೇಡಂ,
28ರ ಗೋ-ಲೈವ್‌ಗಾಗಿ ಇಬ್ಬರು ಟೆಸ್ಟರ್‌ಗಳಿಗೆ ಆಕ್ಸೆಸ್ ಬೇಕಿದೆ. 3ರಂದು ಕೋರಿಕೆ ಕಳಿಸಿದ್ದೆ, 11ರಂದು ನೆನಪಿಸಿದ್ದೆ. ಗ್ರಾಹಕರ ವಿವರ ಹೊರಗೆ ಕಾಣುವ ಬಗ್ಗೆ ಸೆಕ್ಯೂರಿಟಿ ತಂಡದ ಪ್ರಶ್ನೆ ಇದೆ, ಅದು ಬಗೆಹರಿದ ಮೇಲೆ ಅಪ್ರೂವಲ್ ಕೊಡುವುದಾಗಿ ಸರ್ 9ರಂದು ತಿಳಿಸಿದ್ದಾರೆ.
ಟೆಸ್ಟಿಂಗ್‌ಗೆ 8 ಕೆಲಸದ ದಿನ ಬೇಕು. 16ಕ್ಕೆ ಶುರುವಾದರೆ 25ಕ್ಕೆ ಮುಗಿದು, ತಪ್ಪು ಸರಿಪಡಿಸಲು 2 ದಿನ ಉಳಿಯುತ್ತದೆ.
ದಾರಿ ಎರಡಿವೆ: ಹೆಸರು, ಫೋನ್ ನಂಬರ್ ಮರೆಮಾಡಿದ ಡೇಟಾಗೆ 16ರೊಳಗೆ ಆಕ್ಸೆಸ್ ಕೊಡುವುದು, ಅಥವಾ ಗೋ-ಲೈವ್ ಒಂದು ವಾರ ಮುಂದೆ ಹಾಕುವುದು. ಯಾವುದು ಅಂತ ನೀವು ಮತ್ತು ಸರ್ ತಿಳಿಸಿದರೆ ಹಾಗೇ ಮಾಡುತ್ತೇನೆ."

ಕಳಿಸುವ ಮುಂಚೆ ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದಾರೆ ಅಂದುಕೊಂಡು ಪ್ರತಿ ವಾಕ್ಯ ಓದಿದೆ. ಪ್ರತಿಯೊಂದಕ್ಕೂ ಅವರು "ಹೌದು, ಹೀಗೇ ಆಗಿದ್ದು" ಅನ್ನಲೇಬೇಕು. "ಇದರಿಂದ ತಂಡದ ಉತ್ಸಾಹ ಕುಗ್ಗಿದೆ" ಅನ್ನುವ ಸಾಲು ಇಲ್ಲೇ ಬಿತ್ತು. ಅದು ನಿಜವೇ, ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಳೆಯ ಮೇಲ್‌ಗಳ ಸರಪಳಿಯನ್ನೂ ಫಾರ್ವರ್ಡ್ ಮಾಡಲಿಲ್ಲ. ಅದರ ಬಾಲದಲ್ಲಿ ಯಾರ್ಯಾರು ಯಾವ ಮೂಡ್‌ನಲ್ಲಿ ಏನು ಬರೆದಿರುತ್ತಾರೋ, ಸುಮ್ನೆ ರಗಳೆ.

ಉತ್ತರ ಮೊದಲು ಬಂದದ್ದು ಮ್ಯಾನೇಜರ್‌ರಿಂದ, ಎಲ್ಲರಿಗೂ. ಸೆಕ್ಯೂರಿಟಿ ತಂಡ ಕೇಳಿದ್ದ ಫಾರ್ಮ್ ತಾವು ಆಗಲೇ ತುಂಬಿ ಕಳಿಸಿದ್ದು, ಆ ಕಡೆಯಿಂದ ಉತ್ತರ ಬಂದಿಲ್ಲ ಅಂತ ಬರೆದಿದ್ದರು. ನನಗೆ ಗೊತ್ತಿಲ್ಲದ ವಿಷಯ. 'ಗಮನ ಕೊಟ್ಟಿಲ್ಲ' ಅನ್ನುವುದು ಮೇಲ್‌ನಲ್ಲಿ ಉಳಿದಿದ್ದರೆ ಈ ಉತ್ತರದ ಎದುರು ನಿಲ್ಲುತ್ತಿರಲಿಲ್ಲ. ಮೇಡಂ ಸೆಕ್ಯೂರಿಟಿಯವರನ್ನು ಅದೇ ಮೇಲ್‌ಗೆ ಸೇರಿಸಿ ಮೊದಲನೇ ದಾರಿಯನ್ನೇ ಹಿಡಿದರು. ಆಕ್ಸೆಸ್ ಬಂದ ದಿನ ಮೇಡಂ, ಮ್ಯಾನೇಜರ್ ಇಬ್ಬರಿಗೂ ಒಂದು ಸಾಲು ಕಳಿಸಿದೆ: "ಆಕ್ಸೆಸ್ ಸಿಕ್ಕಿದೆ, ಟೆಸ್ಟಿಂಗ್ ಶುರುವಾಗಿದೆ. ಸೆಕ್ಯೂರಿಟಿ ಫಾರ್ಮ್ ಮೊದಲೇ ಕಳಿಸಿದ್ದಕ್ಕೆ ಸರ್‌ಗೆ ಧನ್ಯವಾದ."

ಇದೆಲ್ಲ ಕೆಲಸ ನಿಂತಾಗ ನಡೆಯುವ ರೀತಿ. ದೂರು ಇರುವುದು ಮ್ಯಾನೇಜರ್ ಕಿರುಕುಳ ಕೊಡುತ್ತಿದ್ದಾರೆ ಅಥವಾ ಲೆಕ್ಕದಲ್ಲಿ ಮೋಸ ಮಾಡುತ್ತಿದ್ದಾರೆ ಅಂತಾದರೆ ಅವರನ್ನು ಸಿಸಿಯಲ್ಲಿ ಇಡುವ ಮಾತೇ ಇಲ್ಲ. ಅದು ನೇರವಾಗಿ ಎಚ್‌ಆರ್‌ಗೆ ಅಥವಾ ಅದಕ್ಕೆಂದೇ ಇರುವ ಸಮಿತಿಗೆ ಹೋಗಬೇಕು.