ಗೀಸರ್‌ಗೆ ಒಂದಲ್ಲ, ಮೂರು ವಾರಂಟಿ

ಬೆಂಗಳೂರಲ್ಲಿ ನಮ್ಮ ಎರಡು ಮನೆಗಳನ್ನು ಸಾಮಾನು ಸಮೇತ ಬಾಡಿಗೆಗೆ ಕೊಟ್ಟಿದ್ದೇವೆ. ಒಂದು ಸಲ ಐದು ವರ್ಷದ ಗೀಸರ್‌ನ ಟ್ಯಾಂಕ್ ಸೋರಲು ಶುರುವಾಯಿತು. ಟ್ಯಾಂಕಿಗೆ ಏಳು ವರ್ಷದ ವಾರಂಟಿ ಇತ್ತು. ಆದರೆ ಬಿಲ್ ಸಿಗಲಿಲ್ಲ, ಸೀರಿಯಲ್ ನಂಬರಿನ ಸ್ಟಿಕ್ಕರ್ ಬಚ್ಚಲ ಹಬೆಗೆ ಅಳಿಸಿಹೋಗಿತ್ತು. ಹೊಸದೇ ತರಬೇಕಾಯಿತು. ತುಂಬಾ ಬೇಜಾರಾಯಿತು.

ಆ ಹೊಸ ಗೀಸರ್‌ನಿಂದಲೇ ಲೆಕ್ಕ ಇಡಲು ಶುರು ಮಾಡಿದೆ. ಗೋಡೆಗೆ ಹಾಕುವ ಮೊದಲೇ ಸ್ಟಿಕ್ಕರ್ ಮತ್ತು ಬಿಲ್ಲಿನ ಫೋಟೋ ತೆಗೆದೆ. ಗೂಗಲ್ ಶೀಟಿನಲ್ಲಿ ಮನೆಗೊಂದು ಸಾಲು ಬೇಡ, ಸಾಮಾನಿಗೊಂದು ಸಾಲು ಇರಲಿ ಅಂದುಕೊಂಡೆ. ಮುಖ್ಯವಾದದ್ದು ಇಷ್ಟು: ವಾರಂಟಿಗೆ ಒಂದೇ ತಾರೀಖು ಬರೆದರೆ ಸಾಲದು. 2021ರ ಆಗಸ್ಟ್‌ನಲ್ಲಿ ಕೊಂಡ ಈ ಗೀಸರ್‌ಗೆ ಒಟ್ಟಾರೆ ವಾರಂಟಿ ಎರಡು ವರ್ಷ, ಕಾಯಿಸುವ ಕಾಯಿಲ್‌ಗೆ ನಾಲ್ಕು, ಟ್ಯಾಂಕಿಗೆ ಏಳು. ಹಾಗಾಗಿ 2023, 2025, 2028 ಅಂತ ಮೂರು ಕಾಲಂ.

2024ರಲ್ಲಿ ಬಾಡಿಗೆಯವರು ಫೋನ್ ಮಾಡಿದರು: "ಗೀಸರ್ ಚಟಪಟ ಅಂತಿದೆ, ನೀರು ಕಾಯೋಕೆ ಜಾಸ್ತಿ ಹೊತ್ತು ತಗೊಳ್ತಿದೆ." ಶೀಟ್ ನೋಡಿದೆ, ಕಾಯಿಲ್‌ಗೆ ಇನ್ನೂ ವಾರಂಟಿ ಇತ್ತು. ಮೆಕ್ಯಾನಿಕ್ ಬಿಚ್ಚಿದಾಗ ಕಾಯಿಲ್ ಮೇಲೆ ಸುಣ್ಣದ ಹಾಗೆ ದಪ್ಪ ಬಿಳಿ ಪದರ. ಪಕ್ಕದ ಮೆಗ್ನೀಸಿಯಂ ಆನೋಡ್ ರಾಡ್ ಸವೆದು ನಡುವಿನ ತಂತಿ ಮಾತ್ರ ಉಳಿದಿತ್ತು. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅದು ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಹತ್ತುತ್ತದೆ. ಹಳೇ ಗೀಸರ್ ಯಾಕೆ ಸೋರಿತು ಅಂತ ಆವತ್ತು ಅರ್ಥವಾಯಿತು. ಕಾಯಿಲ್ ಪುಕ್ಕಟೆ ಸಿಕ್ಕಿತು. ಒಟ್ಟಾರೆ ವಾರಂಟಿ ಮುಗಿದಿದ್ದರಿಂದ ಬಂದುಹೋದ ಚಾರ್ಜು ಮತ್ತು ರಾಡ್‌ನ ದುಡ್ಡು ನಾನೇ ಕೊಟ್ಟೆ.

ಆ ಮನೆಗೆ ಬೋರ್‌ವೆಲ್‌ನ ಗಡಸು ನೀರು, ಬಿಳಿ ಪದರ ಬೇಗ ಕಟ್ಟುತ್ತದೆ, ಹಾಗಾಗಿ ಈಗ ಅಲ್ಲಿ ವರ್ಷಕ್ಕೊಮ್ಮೆ ಸರ್ವಿಸ್. ಇನ್ನೊಂದು ಮನೆಗೆ ಕಾವೇರಿ ನೀರು, ಅಲ್ಲಿ ಎರಡು ವರ್ಷಕ್ಕೊಮ್ಮೆ ಸಾಕಾಗುತ್ತಿದೆ. ಸರ್ವಿಸ್ ತಾರೀಖನ್ನು ಗೀಸರ್ ಕಂಪನಿ ನೋಡಿ ಹಾಕುವುದಕ್ಕಿಂತ ನೀರು ನೋಡಿ ಹಾಕಬೇಕು, ಅಲ್ವಾ?

ಎಸಿ ಸಾಲಿನಲ್ಲೂ ಇದೇ ಕಥೆ. ಕಂಪ್ರೆಸರ್‌ಗೆ ವರ್ಷಗಟ್ಟಲೆ ವಾರಂಟಿ ಇದ್ದರೂ ಮೊದಲ ವರ್ಷ ಕಳೆದ ಮೇಲೆ ಗ್ಯಾಸ್ ತುಂಬಿಸುವ ಖರ್ಚು ನಮ್ಮದೇ ಆಯಿತು. ವಾಷಿಂಗ್ ಮೆಷಿನ್‌ನಲ್ಲಿ ಮೋಟರ್‌ಗೆ ಹತ್ತು ವರ್ಷ ಅಂತ ಬರೆದಿದ್ದರೂ ಸರ್ಕ್ಯೂಟ್ ಬೋರ್ಡ್ ಅದರಲ್ಲಿ ಸೇರಿರಲಿಲ್ಲ.

ಕೊನೆಯ ಕಾಲಂ ಬದಲಿ ಖರ್ಚಿನದು. ಗೀಸರ್‌ಗೆ 8,400 ರೂಪಾಯಿ ಕೊಟ್ಟಿದ್ದೆ. ಏಳು ವರ್ಷ, ಅಂದರೆ 84 ತಿಂಗಳು ಬಾಳುತ್ತದೆ ಅಂದುಕೊಂಡರೆ ತಿಂಗಳಿಗೆ 100 ರೂಪಾಯಿ. ಎಲ್ಲ ಸಾಮಾನಿಗೂ ಹೀಗೆ ಲೆಕ್ಕ ಹಾಕಿ, ಬಾಡಿಗೆ ಬಂದ ದಿನವೇ ಅಷ್ಟನ್ನು ಬೇರೆ ಖಾತೆಗೆ ಹಾಕುತ್ತೇನೆ. ಪ್ರತಿ ಜನವರಿಯಲ್ಲಿ ಅಂಗಡಿಯಲ್ಲಿ ಹೊಸ ಬೆಲೆ ಕೇಳಿ ಆ ಕಾಲಂ ತಿದ್ದುತ್ತೇನೆ.