ಏಜಿಂಗ್ ರಿಪೋರ್ಟ್‌ನಲ್ಲಿ ಮೊದಲು ಮೈನಸ್ ಹುಡುಕಿ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳ ಲೆಕ್ಕ ನೋಡುವವರೇ, ಏಜಿಂಗ್ ಮೊತ್ತ ಲೆಡ್ಜರ್ ಬಾಕಿಗೆ ತಾಳೆಯಾಯಿತು ಅಂತ ಸುಮ್ನೆ ಪ್ರಾವಿಷನ್ ಹಾಕಬೇಡಿ. ಬಿಲ್‌ವಾರು ಪಟ್ಟಿ ತೆಗೆದು ಮೈನಸ್ ಸಾಲು ಹುಡುಕಿ. ಯಾವ ಬಿಲ್ಲಿಗೂ ಹೊಂದಿಸದ ಜಮೆ ಸಾಮಾನ್ಯವಾಗಿ ಬಂದ ತಾರೀಖಿನ ಕಾಲಂನಲ್ಲೇ ಕೂರುತ್ತದೆ. ಒಟ್ಟು ಸರಿ ಇರುತ್ತದೆ, ವಯಸ್ಸು ತಪ್ಪಿರುತ್ತದೆ. ಪ್ರಾವಿಷನ್ ದರ 0–30 ದಿನಕ್ಕೆ 1%, 180 ದಿನ ದಾಟಿದ್ದಕ್ಕೆ 50% ಅಂತಿಟ್ಟುಕೊಳ್ಳಿ. ಹಳೇ ಬಿಲ್ಲಿಗೆ ಬಂದ 1 ಲಕ್ಷ ಹೊಸ ಕಾಲಂನಲ್ಲಿ ಕೂತರೆ ಹಳೆಯದರಲ್ಲಿ 50,000 ಜಾಸ್ತಿ, ಹೊಸದರಲ್ಲಿ 1,000 ಕಮ್ಮಿ. ಅಂದರೆ 49,000 ರೂಪಾಯಿ ಲಾಭ ಸುಮ್ನೆ ಕರಗಿತು, ಅಲ್ವಾ? ಯಾವ ಬಿಲ್ಲಿನ ಹಣ ಅಂತ ಪಾರ್ಟಿಗೆ ಕೇಳಿ ಹೊಂದಿಸಿ. ಆದರೆ ಜಮೆಯನ್ನು ತಪ್ಪು ಬಿಲ್ಲಿಗೇ ಹೊಂದಿಸಿದ್ದರೆ ಮೈನಸ್ ಕಾಣಲ್ಲ. ಅದಕ್ಕೆ ಪಾರ್ಟಿಯಿಂದ ಸ್ಟೇಟ್‌ಮೆಂಟ್ ತರಿಸಿ ಬಿಲ್ ನಂಬರ್ ಹಿಡಿದು ನೋಡಲೇಬೇಕು.