ಸ್ಟರ್ನ್–ವೋಲ್ಮರ್ ಗೆರೆ ನೇರ ಬಂತು, ರಿಪೋರ್ಟಿನಲ್ಲಿ ಏನು ಬರೆಯೋದು?

ಫ್ಲೋರೆಸೆನ್ಸ್ ಕ್ವೆಂಚಿಂಗ್ ಪ್ರಯೋಗದ ರಿಪೋರ್ಟುಗಳಲ್ಲಿ ಒಂದು ವಾಕ್ಯ ಪದೇ ಪದೇ ಕಾಣುತ್ತದೆ: "ಗ್ರಾಫ್ ನೇರ ರೇಖೆಯಾಗಿರುವುದರಿಂದ ಕ್ವೆಂಚಿಂಗ್ ಡೈನಾಮಿಕ್ ಬಗೆಯದು." ಈ ವಾಕ್ಯದ ಮೊದಲ ಅರ್ಧ ಸರಿ. ಎರಡನೆಯ ಅರ್ಧ ಮೊದಲನೆಯದರಿಂದ ಬರುವುದೇ ಇಲ್ಲ. ಕ್ವಿನೈನ್ ಸಲ್ಫೇಟ್ ಮತ್ತು ಕ್ಲೋರೈಡ್ ಜೋಡಿಯ ಮೇಲೆ ನಾನು ರಿಪೋರ್ಟ್ ಬರೆದಾಗ ಹೆಚ್ಚು ಹೊತ್ತು ತಗೊಂಡಿದ್ದು ಇದೇ ಭಾಗ. ಅಳತೆ ಬೇಗ ಮುಗಿಯಿತು. ಗೆರೆ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ ಅಂತ ಬಿಡಿಸಿ ಬರೆಯೋದೇ ನಿಜವಾದ ಕೆಲಸ.

ಮೊದಲು ವಿಷಯ ಏನು ಅಂತ ನೋಡೋಣ. ಕ್ವಿನೈನ್ ಅಣು 350 ನ್ಯಾನೊಮೀಟರಿನ ಬೆಳಕನ್ನು ಹೀರಿಕೊಂಡು ಉದ್ರಿಕ್ತ ಸ್ಥಿತಿಗೆ ಹೋಗುತ್ತದೆ. ಅಲ್ಲಿ ಸುಮಾರು 19 ನ್ಯಾನೊಸೆಕೆಂಡ್ ಇದ್ದು, 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಬಿಟ್ಟು ಕೆಳಗಿಳಿಯುತ್ತದೆ. ದ್ರಾವಣಕ್ಕೆ ಉಪ್ಪು ಹಾಕಿದರೆ ಈ ನೀಲಿ ಬೆಳಕು ಕಡಿಮೆಯಾಗುತ್ತದೆ. ಇದೇ ಕ್ವೆಂಚಿಂಗ್, ಇಲ್ಲಿ ಕ್ವೆಂಚರ್ ಅಂದರೆ ಕ್ಲೋರೈಡ್ ಅಯಾನು.

ಕಡಿಮೆಯಾಗೋದು ಎರಡು ರೀತಿಯಲ್ಲಿ ಸಾಧ್ಯ. ಒಂದು, ಉದ್ರಿಕ್ತ ಕ್ವಿನೈನ್ ತನ್ನ 19 ನ್ಯಾನೊಸೆಕೆಂಡ್ ಮುಗಿಸುವ ಮೊದಲೇ ಕ್ಲೋರೈಡ್ ಬಂದು ಡಿಕ್ಕಿ ಹೊಡೆಯುತ್ತದೆ, ಶಕ್ತಿ ಬೆಳಕಾಗದೆ ಹೋಗುತ್ತದೆ. ಇದು ಡೈನಾಮಿಕ್. ಇನ್ನೊಂದು, ಬೆಳಕು ಬೀಳುವ ಮೊದಲೇ ಕೆಲವು ಕ್ವಿನೈನ್ ಅಣುಗಳು ಕ್ಲೋರೈಡ್ ಜೊತೆ ಸೇರಿ ಬೆಳಗದ ಸಂಕೀರ್ಣವಾಗಿಬಿಟ್ಟಿರುತ್ತವೆ. ಇದು ಸ್ಟ್ಯಾಟಿಕ್. ಹೊರಗಿನಿಂದ ನೋಡುವವರಿಗೆ ಎರಡರಲ್ಲೂ ಕಾಣೋದು ಒಂದೇ: ಮೀಟರಿನ ಅಂಕಿ ಇಳಿಯಿತು.

ಡೈನಾಮಿಕ್ ಆದರೆ ಸಮೀಕರಣ ಬರೋದು ಹೀಗೆ. ಕ್ವೆಂಚರ್ ಇಲ್ಲದಾಗ ಉದ್ರಿಕ್ತ ಸ್ಥಿತಿ ಖಾಲಿಯಾಗುವ ಒಟ್ಟು ವೇಗ 1/τ₀, ಇಲ್ಲಿ τ₀ ಅಂದರೆ ಆ 19 ನ್ಯಾನೊಸೆಕೆಂಡಿನ ಜೀವಿತಾವಧಿ. ಕ್ವೆಂಚರ್ ಇದ್ದಾಗ ಅದಕ್ಕೆ k_q[Q] ಸೇರುತ್ತದೆ: k_q ಡಿಕ್ಕಿಯಿಂದಾಗುವ ಕ್ವೆಂಚಿಂಗಿನ ವೇಗ ಸ್ಥಿರಾಂಕ, [Q] ಕ್ವೆಂಚರಿನ ಸಾಂದ್ರತೆ. ಬೆಳಕು ಬಿಡುವ ದಾರಿಯ ವೇಗ ಬದಲಾಗಿಲ್ಲ. ಹಾಗಾಗಿ ಕ್ವೆಂಚರ್ ಇಲ್ಲದಾಗಿನ ತೀವ್ರತೆ F₀ ಅನ್ನು ಕ್ವೆಂಚರ್ ಇದ್ದಾಗಿನ ತೀವ್ರತೆ F ಇಂದ ಭಾಗಿಸಿದರೆ ಅದು ರದ್ದಾಗಿ ಇಷ್ಟೇ ಉಳಿಯುತ್ತದೆ:

F₀/F = 1 + k_q τ₀ [Q] = 1 + K_SV [Q]

ಸ್ಟರ್ನ್ ಮತ್ತು ವೋಲ್ಮರ್ 1919ರಲ್ಲಿ ಕೊಟ್ಟ ಸಂಬಂಧ ಇದು. [Q] ಎದುರು F₀/F ಇಟ್ಟು ಗೆರೆ ಎಳೆದರೆ ಅದರ ಇಳಿಜಾರೇ K_SV. ಈಗ ಸ್ಟ್ಯಾಟಿಕ್ ಕಡೆಯಿಂದ ನೋಡಿ. ಸಂಕೀರ್ಣದ ಸಮತೋಲನ ಸ್ಥಿರಾಂಕ K_a ಆದರೆ, ಒಟ್ಟು ಕ್ವಿನೈನಿಗೂ ಬಿಡಿಯಾಗಿ ಉಳಿದ ಕ್ವಿನೈನಿಗೂ ಇರುವ ಅನುಪಾತ 1 + K_a[Q]. ಬೆಳಗೋದು ಬಿಡಿ ಕ್ವಿನೈನ್ ಮಾತ್ರ. ಆದ್ದರಿಂದ F₀/F = 1 + K_a[Q]. ರೂಪ ಒಂದೇ ಅಲ್ವಾ? ಎರಡೂ 1ರಲ್ಲಿ ಶುರುವಾಗುವ ನೇರ ಗೆರೆ. ನಾನು ರಿಪೋರ್ಟಿನ ಸಿದ್ಧಾಂತ ಭಾಗದಲ್ಲಿ ಈ ಎರಡನ್ನೂ ಪಕ್ಕಪಕ್ಕದಲ್ಲೇ ಬರೆದೆ. ಓದುವವರಿಗೆ ಮುಂದಿನ ಪರೀಕ್ಷೆಗಳು ಯಾಕೆ ಬೇಕು ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತದೆ.

ದ್ರಾವಣ ತಯಾರಿಯಲ್ಲಿ ನಾನು ಪಟ್ಟುಹಿಡಿದದ್ದು ಒಂದೇ ವಿಷಯಕ್ಕೆ: ಎಲ್ಲ ಫ್ಲಾಸ್ಕುಗಳಲ್ಲೂ ಕ್ಲೋರೈಡ್ ಬಿಟ್ಟು ಬೇರೇನೂ ಬದಲಾಗಬಾರದು. 25 ಮೈಕ್ರೋಮೋಲಾರ್ ಕ್ವಿನೈನ್ ಸ್ಟಾಕ್, 100 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಸ್ಟಾಕ್, ಎರಡನ್ನೂ 0.05 M ಸಲ್ಫ್ಯೂರಿಕ್ ಆಮ್ಲದಲ್ಲೇ ಮಾಡಿಕೊಂಡೆ. ಪ್ರತಿ 25 ಮಿಲಿಲೀಟರ್ ಫ್ಲಾಸ್ಕಿಗೂ 5 ಮಿಲಿಲೀಟರ್ ಕ್ವಿನೈನ್, ಮೇಲೆ ಸೊನ್ನೆಯಿಂದ 2.5 ಮಿಲಿಲೀಟರಿನವರೆಗೆ ಕ್ಲೋರೈಡ್, ಉಳಿದದ್ದು ಅದೇ ಆಮ್ಲ. ಆಮ್ಲ ಅಂದಾಗ ಹೈಡ್ರೋಕ್ಲೋರಿಕ್ ಆಮ್ಲದ ಕಡೆ ಕೈ ಹೋಗಬಾರದು, ಅದರಲ್ಲೇ ಕ್ವೆಂಚರ್ ಇದೆ. ಆ ಆಮ್ಲದಲ್ಲಿ ತೊಳೆದ ಗಾಜಿನ ಸಾಮಾನನ್ನೂ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ಜಾಲಿಸಬೇಕು.

ಕ್ವಿನೈನನ್ನು ಇಷ್ಟು ತೆಳುವಾಗಿ ಇಟ್ಟಿದ್ದಕ್ಕೆ ಕಾರಣವಿದೆ. ಫ್ಲಾಸ್ಕಿನಲ್ಲಿ ಉಳಿಯೋದು 5 ಮೈಕ್ರೋಮೋಲಾರ್. ಆಗ 350ರಲ್ಲಿ ಹೀರಿಕೆ 0.05ಕ್ಕಿಂತ ಕಡಿಮೆ ಇರುತ್ತದೆ, ಬೆಳಕು ಕುವೆಟ್ಟಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿ ಬೀಳುತ್ತದೆ. ಕ್ಲೋರೈಡ್ ಅಂತೂ 350ರಲ್ಲಿ ಹೀರಿಕೊಳ್ಳೋದೇ ಇಲ್ಲ. ಅಯೋಡೈಡ್ ಬಳಸುವವರು ಮಾತ್ರ ಇಲ್ಲಿ ಹುಷಾರಾಗಿರಬೇಕು. ಆಮ್ಲದಲ್ಲಿ, ಗಾಳಿ ತಾಗಿದಾಗ ಅದು ನಿಧಾನವಾಗಿ ಟ್ರೈಅಯೋಡೈಡ್ ಆಗುತ್ತದೆ. ಟ್ರೈಅಯೋಡೈಡ್ ಜೋರಾಗಿ ಹೀರಿಕೊಳ್ಳೋದು ಸರಿಯಾಗಿ 350ರ ಹತ್ತಿರವೇ. ಆಗ ಕ್ವಿನೈನಿಗೆ ಬೆಳಕೇ ತಲುಪುವುದಿಲ್ಲ, ಗ್ರಾಫಿನಲ್ಲಿ ಮಾತ್ರ ಅದು ಕ್ವೆಂಚಿಂಗ್ ಅಂತ ಕಾಣುತ್ತದೆ. ದ್ರಾವಣಕ್ಕೆ ಚೂರು ಹಳದಿ ಬಣ್ಣ ಬಂದಿದ್ದರೆ ಆ ಅಳತೆಯನ್ನು ನಂಬಬೇಡಿ.

ನನಗೆ 25 ಡಿಗ್ರಿಯಲ್ಲಿ, ಬ್ಲ್ಯಾಂಕ್ ಕಳೆದ ಮೇಲೆ ಸಿಕ್ಕ ಅಂಕಿಗಳು ಇವು. ಕ್ಲೋರೈಡ್ ಇಲ್ಲದಾಗ 812. ನಂತರ 2, 4, 6, 8, 10 ಮಿಲಿಮೋಲಾರಿಗೆ ಕ್ರಮವಾಗಿ 653, 551, 471, 413, 370. 812ನ್ನು ಇವುಗಳಿಂದ ಭಾಗಿಸಿದರೆ 1.24, 1.47, 1.72, 1.97, 2.19. ಗೆರೆ ಎಳೆದರೆ ಇಳಿಜಾರು 120 M⁻¹, ಛೇದ 1.00.

ಛೇದವನ್ನು ನಾನು 1ಕ್ಕೆ ಕಟ್ಟಿಹಾಕಲಿಲ್ಲ, ಬೇಕಂತಲೇ ಬಿಟ್ಟೆ. ಸಮೀಕರಣ ಅದು 1 ಆಗಲೇಬೇಕು ಅನ್ನುತ್ತದೆ. ಹಾಗಾಗಿ ತಾನಾಗಿಯೇ 1 ಬಂದರೆ ಅದೇ ಒಂದು ಪುರಾವೆ. 1.08 ಅಂತಲೋ 0.93 ಅಂತಲೋ ಬಂದರೆ ಮೊದಲ ಅನುಮಾನ F₀ ಮೇಲೆ, ಯಾಕಂದರೆ ಆ ಒಂದು ಅಂಕಿ ಎಲ್ಲ ಬಿಂದುಗಳ ಮೇಲೂ ಕೂತಿದೆ. ಬ್ಲ್ಯಾಂಕ್ ಕಳೆಯೋದೂ ಸುಮ್ನೆ ಶಿಷ್ಟಾಚಾರವಲ್ಲ. ಹಿನ್ನೆಲೆ ಬೆಳಕು 20 ಇದೆ, ಅದನ್ನು ಕಳೆದಿಲ್ಲ ಅಂದುಕೊಳ್ಳಿ. ಕೊನೆಯ ಬಿಂದು 832/390, ಅಂದರೆ 2.19ರ ಬದಲು 2.13 ಆಗುತ್ತದೆ. ಮೊದಲ ಬಿಂದುಗಳು ಅಷ್ಟೊಂದು ಅಲುಗಾಡುವುದಿಲ್ಲ. ಹೀಗಾಗಿ ಗೆರೆಯ ತುದಿ ಕೆಳಗೆ ಬಾಗುತ್ತದೆ. ನೋಡಿದವರು "ಕೆಲವು ಅಣುಗಳಿಗೆ ಕ್ವೆಂಚರ್ ತಲುಪುತ್ತಿಲ್ಲ" ಅಂತ ದೊಡ್ಡ ವಿವರಣೆ ಬರೆದುಬಿಡಬಹುದು. ಪಾಪ, ಅದು ಬರೀ ಬ್ಲ್ಯಾಂಕ್.

ಇನ್ನೊಂದು ಮಾತು. F₀/F ಕನಿಷ್ಠ 2 ದಾಟುವವರೆಗೆ ಕ್ವೆಂಚರ್ ಹಾಕಬೇಕು. ಡೈನಾಮಿಕ್, ಸ್ಟ್ಯಾಟಿಕ್ ಎರಡೂ ಒಟ್ಟಿಗೆ ನಡೆದರೆ ಸಮೀಕರಣ (1 + K_D[Q])(1 + K_S[Q]) ಆಗುತ್ತದೆ, ಅದರಲ್ಲಿರುವ [Q]² ಗೆರೆಯನ್ನು ಮೇಲಕ್ಕೆ ಬಗ್ಗಿಸುತ್ತದೆ. ಆದರೆ F₀/F 1.2ರಲ್ಲೇ ನಿಂತರೆ ಆ ಬಾಗು ಕಣ್ಣಿಗೆ ಬೀಳೋದಿಲ್ಲ. ಅಷ್ಟು ಚಿಕ್ಕ ತುಂಡಿನಲ್ಲಿ ಏನೇ ಆದರೂ ನೇರವಾಗಿಯೇ ಕಾಣುತ್ತದೆ. ನನ್ನದು 2.19ರವರೆಗೂ ನೇರ ಇತ್ತು. ಆದ್ದರಿಂದ ಈ ವ್ಯಾಪ್ತಿಯಲ್ಲಿ ಮುಖ್ಯವಾಗಿ ಒಂದೇ ಬಗೆ ನಡೆಯುತ್ತಿದೆ, ಎಲ್ಲ ಕ್ವಿನೈನ್ ಅಣುಗಳೂ ಕ್ವೆಂಚರಿಗೆ ಒಂದೇ ರೀತಿ ಸಿಗುತ್ತಿವೆ ಅಂತ ಬರೆದೆ. ಗೆರೆಯ ಆಕಾರವೊಂದರಿಂದಲೇ ಹೇಳಬಹುದಾದದ್ದು ಅಷ್ಟೇ.

ಇನ್ನು ಯಾವ ಬಗೆ ಅನ್ನೋ ಪ್ರಶ್ನೆ. ಮೊದಲು ಇಳಿಜಾರು ಡೈನಾಮಿಕ್ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿದೆ: k_q = 120 / (19 × 10⁻⁹) = 6.3 × 10⁹ M⁻¹s⁻¹. ನೀರಿನಲ್ಲಿ ಎರಡು ಅಣುಗಳು ಅಲೆದಾಡಿ ಒಂದಕ್ಕೊಂದು ಸಿಗುವ ಗರಿಷ್ಠ ವೇಗವನ್ನು 8RT/3η ಸೂತ್ರ ಕೊಡುತ್ತದೆ. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.89 mPa·s, ಅದನ್ನಿಟ್ಟರೆ 7.4 × 10⁹ ಬರುತ್ತದೆ. ನನ್ನ k_q ಆ ಮಿತಿಯ ಒಳಗೇ, ಅದಕ್ಕೆ ಹತ್ತಿರದಲ್ಲೇ ಇದೆ. ಅಂದರೆ ಹೆಚ್ಚುಕಡಿಮೆ ಪ್ರತಿ ಡಿಕ್ಕಿಯೂ ಕೆಲಸ ಮಾಡುತ್ತಿದೆ. ಈ ಸೂತ್ರ ಅಣುಗಳ ಮೇಲಿನ ವಿದ್ಯುದಾವೇಶವನ್ನು ಲೆಕ್ಕಕ್ಕೆ ತಗೊಳ್ಳೋದಿಲ್ಲ. ಇಲ್ಲಿ ಧನ ಆವೇಶದ ಕ್ವಿನೈನ್, ಋಣ ಆವೇಶದ ಕ್ಲೋರೈಡ್ ಒಂದನ್ನೊಂದು ಸೆಳೆಯುತ್ತವೆ, ಹಾಗಾಗಿ 7.4 ಅನ್ನೋದನ್ನು ಅಂದಾಜು ಅಂತಲೇ ಬರೆದೆ.

ಈ ಪರೀಕ್ಷೆಯ ಬಲ ಇರೋದು ಒಂದೇ ದಿಕ್ಕಿನಲ್ಲಿ. ಪ್ರೋಟೀನ್ ಒಂದಕ್ಕೆ ಔಷಧದ ಅಣು ಅಂಟುವ ಪ್ರಯೋಗದಲ್ಲಿ K_SV 10⁵ M⁻¹, τ₀ 5 ನ್ಯಾನೊಸೆಕೆಂಡ್ ಬಂತು ಅನ್ನಿ. k_q 2 × 10¹³ ಆಗುತ್ತದೆ. ಅಷ್ಟು ವೇಗದಲ್ಲಿ ಅಣುಗಳು ಸಿಗೋದು ಸಾಧ್ಯವೇ ಇಲ್ಲ, ಹಾಗಾಗಿ ಬರೀ ಡಿಕ್ಕಿ ಅನ್ನೋ ವಾದ ಅಲ್ಲಿಗೆ ಮುಗಿಯಿತು. ಆದರೆ ಮಿತಿಯ ಒಳಗೆ ಬಂದರೆ ಡೈನಾಮಿಕ್ ಇರಬಹುದು ಅಂತಷ್ಟೇ ಅರ್ಥ. 120 ಅನ್ನೋ K_a ಇರುವ ದುರ್ಬಲ ಸಂಕೀರ್ಣವೂ ಇದೇ ಅಂಕಿ ಕೊಡುತ್ತಿತ್ತು.

ಅದಕ್ಕೇ 40 ಡಿಗ್ರಿಯಲ್ಲೂ ಅಳೆದೆ. ಬಿಸಿ ಮಾಡಿದರೆ ನೀರು ತೆಳುವಾಗುತ್ತದೆ, ಅಣುಗಳು ಬೇಗ ಓಡಾಡುತ್ತವೆ, ಡಿಕ್ಕಿ ಜಾಸ್ತಿ. ಸ್ನಿಗ್ಧತೆ 0.65ಕ್ಕೆ ಇಳಿಯುವುದರಿಂದ ಡಿಕ್ಕಿಯ ವೇಗ ಸುಮಾರು 1.4 ಪಟ್ಟು ಆಗಬೇಕು. ದುರ್ಬಲ ಸಂಕೀರ್ಣವಾಗಿದ್ದರೆ ಸಾಮಾನ್ಯವಾಗಿ ಬಿಸಿಗೆ ಬಿಟ್ಟುಕೊಂಡು ಇಳಿಜಾರು ಕಡಿಮೆಯಾಗುತ್ತಿತ್ತು. ನನಗೆ 158 ಬಂತು, 1.3 ಪಟ್ಟು. ಪೂರ್ತಿ 1.4 ಬರದಿದ್ದಕ್ಕೆ ರಿಪೋರ್ಟಿನಲ್ಲಿ ಕೊಟ್ಟ ಕಾರಣ: K_SV ಒಳಗೆ τ₀ ಕೂಡ ಇದೆ, ತಾಪ ಏರಿದಂತೆ ಅದೂ ಸ್ವಲ್ಪ ಕಡಿಮೆಯಾಗಬಹುದು. ಇದನ್ನು ನಾನು ಅಳೆದಿಲ್ಲ ಅಂತಲೂ ಬರೆದೆ. ಹೊಸ ತಾಪಕ್ಕೆ F₀ ಹೊಸದಾಗಿಯೇ ಬೇಕು. 25 ಡಿಗ್ರಿಯ 812ನ್ನೇ ಇಟ್ಟುಕೊಂಡರೆ ಛೇದ 1 ಬಿಟ್ಟು ಹೋಗುತ್ತದೆ.

ಜೊತೆಗೆ ಹೀರಿಕೆಯ ಸ್ಪೆಕ್ಟ್ರಮ್. ಸೊನ್ನೆ ಮತ್ತು 10 ಮಿಲಿಮೋಲಾರ್ ಕ್ಲೋರೈಡಿನ ದ್ರಾವಣಗಳ ವಕ್ರರೇಖೆ ಒಂದರ ಮೇಲೊಂದು ಕೂತವು. ಹೀರಿಕೆ ಆಗೋದು ನೆಲಸ್ಥಿತಿಯಲ್ಲಿ. ಅಲ್ಲಿ ಸಂಕೀರ್ಣ ಇದ್ದಿದ್ದರೆ ರೇಖೆ ಸರಿಯಬಹುದಿತ್ತು. ಸರಿಯದಿದ್ದರೆ ಸಂಕೀರ್ಣ ಇಲ್ಲವೇ ಇಲ್ಲ ಅಂತ ಮಾತ್ರ ಹೇಳಲಾಗದು, ಅದರ ಹೀರಿಕೆ ಮೂಲದಂತೆಯೇ ಇರಬಹುದು.

ತೀರ್ಮಾನ ಕೊಡೋ ಅಳತೆ ಅಂದರೆ ಜೀವಿತಾವಧಿ. ಡಿಕ್ಕಿಯಾದರೆ ಉದ್ರಿಕ್ತ ಅಣು ಬೇಗ ಸಾಯುತ್ತದೆ, τ₀/τ ಕೂಡ F₀/F ಜೊತೆಗೇ ಏರುತ್ತದೆ. 10 ಮಿಲಿಮೋಲಾರಿನಲ್ಲಿ 19 ಇದ್ದದ್ದು ಸುಮಾರು 8.7 ನ್ಯಾನೊಸೆಕೆಂಡಿಗೆ ಇಳಿಯಬೇಕು. ಸ್ಟ್ಯಾಟಿಕ್ ಆದರೆ ಬಿಡಿಯಾಗಿ ಉಳಿದ ಅಣುಗಳಿಗೆ ಏನೂ ಆಗಿಲ್ಲ, 19 ಹಾಗೇ ಇರುತ್ತದೆ. ಆ ಉಪಕರಣ ನನ್ನ ಕೈಯಲ್ಲಿರಲಿಲ್ಲ, τ₀ ಕೂಡ ಪ್ರಕಟಿತ ಮೌಲ್ಯವೇ. ಆದ್ದರಿಂದ ಚರ್ಚೆಯ ಭಾಗದಲ್ಲಿ ಬರೆದದ್ದು ಹೀಗೆ:

"10 ಮಿಲಿಮೋಲಾರಿನವರೆಗೆ ಗ್ರಾಫ್ ನೇರವಾಗಿದೆ, ಛೇದ 1.00. ಇದು ಒಂದೇ ಬಗೆಯ ಕ್ವೆಂಚಿಂಗಿಗೆ ಹೊಂದುತ್ತದೆ. k_q ವಿಸರಣೆಯ ಮಿತಿಯ ಹತ್ತಿರವಿದೆ, ತಾಪದೊಂದಿಗೆ K_SV ಏರಿದೆ, ಹೀರಿಕೆಯ ಸ್ಪೆಕ್ಟ್ರಮ್ ಬದಲಾಗಿಲ್ಲ. ಈ ಮೂರೂ ಸೇರಿ ಡೈನಾಮಿಕ್ ಕ್ವೆಂಚಿಂಗನ್ನು ಬೆಂಬಲಿಸುತ್ತವೆ. ಜೀವಿತಾವಧಿಯನ್ನು ಅಳೆದಿಲ್ಲ."

ಡಿಕ್ಕಿಯ ಆ ಕ್ಷಣದಲ್ಲಿ ಎಲೆಕ್ಟ್ರಾನ್ ದಾಟಿತೋ, ಬೇರೇನಾದರೂ ನಡೆಯಿತೋ ಅನ್ನೋದನ್ನು ಅದರಲ್ಲಿ ಸೇರಿಸಲಿಲ್ಲ. ಅದಕ್ಕೆ ಬೇರೆ ಬೇರೆ ಕ್ವೆಂಚರ್‌ಗಳ k_qಗಳನ್ನು ಅವುಗಳ ಆಕ್ಸಿಡೇಶನ್ ವಿಭವದ ಜೊತೆ ಇಟ್ಟು ನೋಡಬೇಕು. ಒಂದು ಕ್ವೆಂಚರಿನ ಒಂದು ಗೆರೆಯಲ್ಲಿ ಆ ಮಾಹಿತಿ ಇಲ್ಲ.